ಜೇನಿನ ಟ್ಯೂಬಿನಲ್ಲಿ ತಾಮ್ರ ಎಲ್ಲಿಂದ ಬಂತು: ಒಂದು ಪ್ರಕರಣ ಅಧ್ಯಯನ

ಕಳೆದ ಜುಲೈನಲ್ಲಿ ನಮ್ಮ ಪಿಯು ಕಾಲೇಜಿನ ಲ್ಯಾಬಿನಲ್ಲಿ ನಡೆದದ್ದು ಇದು. ಕೊಡಗಿನ ಜುಲೈ ಹೇಗಿರುತ್ತದೆ ಅಂತ ಗೊತ್ತಲ್ಲ, ಹೊರಗೆ ಬಿಡದೆ ಮಳೆ, ಒಳಗೆ ಬೆಳಿಗ್ಗೆಯೇ ಲೈಟ್. ದ್ವಿತೀಯ ಪಿಯು ಮಕ್ಕಳು ಸಕ್ಕರೆ ಪತ್ತೆ ಹಚ್ಚುವ ಬೆನೆಡಿಕ್ಟ್ ಪರೀಕ್ಷೆ ಮಾಡುತ್ತಿದ್ದರು. ನಾಪೋಕ್ಲು ಕಡೆಯ ಒಬ್ಬ ಹುಡುಗಿ ಮನೆಯಿಂದ ಜೇನು ತಂದಿದ್ದಳು. ಕಾಫಿ ತೋಟದ ಪೆಟ್ಟಿಗೆಯ ಜೇನು. ಒಂದು ತೊಟ್ಟು ಜೇನನ್ನು ನೀರಿನಲ್ಲಿ ಕರಗಿಸಿ, ಮೈಲುತುತ್ತ ಇರುವ ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಹಾಕಿ, ಕುದಿಯುವ ನೀರಿನಲ್ಲಿ ಟ್ಯೂಬ್ ಇಟ್ಟಳು. ನೀಲಿ ಹೋಗಿ ಹಸಿರು, ಆಮೇಲೆ ಹಳದಿ, ಕೊನೆಗೆ ಇಟ್ಟಿಗೆ ಬಣ್ಣ. ಪುಸ್ತಕದಲ್ಲಿ ಇದ್ದ ಹಾಗೇ ಬಂತು.

ಕೆಂಪು ಪುಡಿ ಟ್ಯೂಬಿನ ತಳಕ್ಕೆ ಗಟ್ಟಿಯಾಗಿ ಅಂಟಿಕೊಂಡಿತು. ಬ್ರಷ್ ಹಾಕಿದರೂ ಬಿಡಲಿಲ್ಲ. ಅವಳು ಮೇಲಿನ ದ್ರಾವಣ ಚೆಲ್ಲಿ, ಪಕ್ಕದ ಬಾಟಲಿಯಿಂದ ದುರ್ಬಲ ಸಲ್ಫ್ಯೂರಿಕ್ ಆಮ್ಲ ಒಂದಿಷ್ಟು ಸುರಿದು ಅಲ್ಲಾಡಿಸಿದಳು. ಸ್ವಲ್ಪ ನೊರೆ ಬಂತು. ಆಮ್ಲ ನೀಲಿಯಾಯಿತು. ಆದರೆ ತಳದಲ್ಲಿ ಕೆಂಪು ಇನ್ನೂ ಇತ್ತು, ಬಣ್ಣ ಮಾತ್ರ ಸ್ವಲ್ಪ ಕಂದಾಗಿತ್ತು. ಗಾಜಿನ ಕಡ್ಡಿಯಿಂದ ಒತ್ತಿ ಉಜ್ಜಿದಾಗ ಹೊಸ ತಾಮ್ರದ ತಂತಿಯ ಹಾಗೆ ಮಿಂಚಿತು.

ಅವಳು ಟ್ಯೂಬ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಮೇಡಂ, ಇದು ತಾಮ್ರ ಅಲ್ವಾ?"

"ಹಾಗೇ ಕಾಣ್ತಿದೆ."

"ನಮ್ಮಪ್ಪ ಬೋರ್ಡೋ ದ್ರಾವಣ ಮಾಡುವಾಗ ಕತ್ತಿ ಅದ್ದಿ ನೋಡ್ತಾರೆ. ಕತ್ತಿಗೆ ಕೆಂಪು ಹತ್ತಿದ್ರೆ ಸುಣ್ಣ ಸಾಲದು ಅಂತ ಇನ್ನೊಂದಿಷ್ಟು ಹಾಕ್ತಾರೆ. ಅಲ್ಲಿ ಕಬ್ಬಿಣ ಇದೆ, ಅದು ಎಲೆಕ್ಟ್ರಾನ್ ಕೊಡುತ್ತೆ, ತಾಮ್ರ ಹೊರಗೆ ಬರುತ್ತೆ. ಸರಿ. ಇಲ್ಲಿ ಕಬ್ಬಿಣ ಎಲ್ಲಿದೆ? ಎಲೆಕ್ಟ್ರಾನ್ ಕೊಟ್ಟವರು ಯಾರು?"

ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಕತ್ತಿಯ ಪರೀಕ್ಷೆ ನಮ್ಮೂರಿನ ಪ್ರತಿ ತೋಟದಲ್ಲೂ ಮಳೆಗಾಲದ ಮುಂಚೆ ನಡೆಯುತ್ತದೆ. ಮೈಲುತುತ್ತದ ತಾಮ್ರ ಸುಣ್ಣದ ಜೊತೆ ಪೂರ್ತಿ ಸೇರಿಲ್ಲದಿದ್ದರೆ ಉಳಿದ ತಾಮ್ರದ ಅಯಾನು, Cu²⁺, ಕಬ್ಬಿಣದಿಂದ ಎರಡು ಎಲೆಕ್ಟ್ರಾನ್ ಕಸಿದು ಕತ್ತಿಯ ಮೇಲೆ ಲೋಹವಾಗಿ ಕೂರುತ್ತದೆ. ಅಲ್ಲಿ ಕೊಡುವವನೂ ಕಣ್ಣಿಗೆ ಕಾಣುತ್ತಾನೆ, ತೆಗೆದುಕೊಳ್ಳುವವನೂ ಕಾಣುತ್ತಾನೆ. ಅವಳ ಟ್ಯೂಬಿನಲ್ಲಿ ಇದ್ದದ್ದು ಕೆಂಪು ಪುಡಿ ಮತ್ತು ಆಮ್ಲ, ಅಷ್ಟೇ. ಕೆಂಪು ಪುಡಿ ಅಂದರೆ ಕ್ಯೂಪ್ರಸ್ ಆಕ್ಸೈಡ್, Cu₂O. ಅದರಲ್ಲಿ ತಾಮ್ರ ಇರುವುದು +1 ಸ್ಥಿತಿಯಲ್ಲಿ, ಅಂದರೆ ಒಂದು ಎಲೆಕ್ಟ್ರಾನ್ ಮಾತ್ರ ಕಳೆದುಕೊಂಡು. ಆಮ್ಲದಲ್ಲಿ ಕರಗಿದರೆ ಬಣ್ಣವಿಲ್ಲದ Cu⁺ ದ್ರಾವಣ ಬರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಬಂದದ್ದು ನೀಲಿ Cu²⁺ ಮತ್ತು ತಾಮ್ರ ಲೋಹ. ಎರಡೂ ಒಟ್ಟಿಗೆ.

ನಾನು ತಕ್ಷಣ ಉತ್ತರ ಹೇಳಲಿಲ್ಲ. ಯಾಕೆಂದರೆ ಆ ಟ್ಯೂಬನ್ನು ನಂಬುವ ಹಾಗಿರಲಿಲ್ಲ. ಮೂರು ಅನುಮಾನ ಇತ್ತು. ಮೊದಲನೆಯದು, ಆ ನೀಲಿ ಬೆನೆಡಿಕ್ಟ್ ದ್ರಾವಣದ್ದೇ ಇರಬಹುದು. ಅವಳು ಪುಡಿಯನ್ನು ತೊಳೆದಿರಲಿಲ್ಲ. ಆಮ್ಲ ಹಾಕಿದಾಗ ನೊರೆ ಬಂದದ್ದೇ ಸಾಕ್ಷಿ, ಬೆನೆಡಿಕ್ಟ್‌ನಲ್ಲಿರುವ ಸೋಡಿಯಂ ಕಾರ್ಬೊನೇಟ್ ಇನ್ನೂ ಅಲ್ಲೇ ಇತ್ತು. ಎರಡನೆಯದು, ತಳದ ಕೆಂಪು ಕರಗದೆ ಉಳಿದ Cu₂O ಇರಬಹುದು. ಮೂರನೆಯದು, ಗಾಳಿಯ ಆಮ್ಲಜನಕವೇ Cu⁺ ಅನ್ನು Cu²⁺ ಮಾಡಿರಬಹುದು. ಈ ಮೂರನ್ನೂ ಕಳೆಯದೆ ಲೆಕ್ಕಕ್ಕೆ ಇಳಿದರೆ, ಲೆಕ್ಕ ಸರಿ ಬಂದರೂ ಅದು ಈ ಟ್ಯೂಬಿನ ಲೆಕ್ಕ ಅಂತ ಹೇಳಲು ಆಗುವುದಿಲ್ಲ.

ಹಾಗಾಗಿ ಮತ್ತೆ ಮೊದಲಿಂದ ಮಾಡಿದೆವು, ಈ ಸಲ ತೂಕ ಮಾಡಲು ಆಗುವಷ್ಟು. ಬೆನೆಡಿಕ್ಟ್ ದ್ರಾವಣದಲ್ಲಿ ಲೀಟರಿಗೆ 17.3 ಗ್ರಾಂ ಮೈಲುತುತ್ತ ಇರುತ್ತದೆ. ಅರ್ಧ ಗ್ರಾಂ Cu₂O ಬೇಕೆಂದರೆ ಕಡಿಮೆ ಅಂದರೂ 100 ಮಿಲಿ ಬೇಕು. ಕೈಬಿಟ್ಟು ಹೋಗುವುದು ಇದ್ದೇ ಇರುತ್ತದೆ ಅಂತ 200 ಮಿಲಿ ತೆಗೆದುಕೊಂಡೆವು. ಎರಡು ಚಮಚ ಜೇನು ಹಾಕಿ ಕುದಿಸಿದೆವು. ಪುಡಿ ತಳಕ್ಕೆ ಕೂತ ಮೇಲೆ ಮೇಲಿನದನ್ನು ಬಗ್ಗಿಸಿ, ನೀರು ಹಾಕಿ, ಮತ್ತೆ ಬಗ್ಗಿಸಿ, ತೊಳೆದ ನೀರು ಕೆಂಪು ಲಿಟ್ಮಸ್ ಅನ್ನು ನೀಲಿ ಮಾಡದ ತನಕ ತೊಳೆದೆವು. ಇದಕ್ಕೇ ಒಂದು ಮಧ್ಯಾಹ್ನ ಹೋಯಿತು. ಒಣಗಿಸಿ 0.50 ಗ್ರಾಂ ತೂಗಿ, 50 ಮಿಲಿ 1 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಕಿದೆವು. ಈ ಸಲ ನೊರೆ ಇಲ್ಲ. ಆದರೆ ನೀಲಿ ಬಂತು. ಮೊದಲ ಅನುಮಾನ ಅಲ್ಲಿಗೆ ಹೋಯಿತು.

ಪುಡಿ ಒಣಗುತ್ತಿದ್ದ ಹೊತ್ತಿನಲ್ಲಿ ಅವಳು ಬೋರ್ಡಿನ ಮೇಲೆ ವಿಭವಗಳನ್ನು ಬರೆದಿದ್ದಳು. ಮುಖ್ಯವಾದ ಭಾಗ ಇಲ್ಲಿಂದ ಶುರು.

ಒಂದು ಧಾತುವಿನ ಬೇರೆ ಬೇರೆ ಉತ್ಕರ್ಷಣ ಸ್ಥಿತಿಗಳನ್ನು ಒಂದೇ ಸಾಲಿನಲ್ಲಿ, ಹೆಚ್ಚಿನದು ಎಡಕ್ಕೆ, ಕಡಿಮೆಯದು ಬಲಕ್ಕೆ ಬರುವ ಹಾಗೆ ಬರೆಯಬೇಕು. ಎರಡು ಸ್ಥಿತಿಗಳ ನಡುವಿನ ಬಾಣದ ಮೇಲೆ ಆ ಹೆಜ್ಜೆಯ ಅಪಕರ್ಷಣ ವಿಭವ, ಅಂದರೆ ಎಲೆಕ್ಟ್ರಾನ್ ಎಳೆಯುವ ಬಲದ ಅಳತೆ, ಬರೆಯಬೇಕು. ಇದಕ್ಕೆ ಲ್ಯಾಟಿಮರ್ ಚಿತ್ರ ಅನ್ನುತ್ತಾರೆ. ಅಮೆರಿಕದ ಬರ್ಕ್ಲಿಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ವೆಂಡೆಲ್ ಲ್ಯಾಟಿಮರ್ ಅವರ ಹೆಸರು ಅದು. ಆಮ್ಲದಲ್ಲಿ, 25 ಡಿಗ್ರಿಯಲ್ಲಿ ತಾಮ್ರದ ಸಾಲು ಹೀಗಿದೆ:

```
Cu²⁺ --(+0.153 V)--> Cu⁺ --(+0.521 V)--> Cu
```

ಪರೀಕ್ಷೆಗೆ ಓದುವ ಮಕ್ಕಳಿಗೆ ನಾವು ಹೇಳಿಕೊಡುವ ಸೂತ್ರ ಒಂದೇ ಸಾಲಿನದು. ನಡುವಿನ ಸ್ಥಿತಿಯ ಬಲಗಡೆ ಸಂಖ್ಯೆ ಎಡಗಡೆ ಸಂಖ್ಯೆಗಿಂತ ಜಾಸ್ತಿ ಇದ್ದರೆ, ನಡುವಿನದು ತನ್ನಲ್ಲೇ ಒಡೆಯುತ್ತದೆ. ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ಇದೇ ಡಿಸ್‌ಪ್ರೊಪೋರ್ಷನೇಷನ್. ಇಲ್ಲಿ 0.521 ಅನ್ನುವುದು 0.153ಕ್ಕಿಂತ ಜಾಸ್ತಿ. ಒಡೆಯಬೇಕು.

ಆದರೆ ಅವಳು ಬೋರ್ಡಿನ ಮೇಲೆ ಬೇರೆ ಬರೆದಿದ್ದಳು. "ಎರಡೂ ಪ್ಲಸ್ ಇದೆ ಮೇಡಂ. ಅಂದ್ರೆ Cu²⁺ ತಾನಾಗೇ Cu⁺ ಆಗುತ್ತೆ, Cu⁺ ತಾನಾಗೇ Cu ಆಗುತ್ತೆ. ಕೂಡಿದ್ರೆ Cu²⁺ನಿಂದ Cuಗೆ 0.674. ಎಲ್ಲಾ ಕೆಳಗೇ ಹೋಗಬೇಕು. ನೀಲಿ ಉಳಿಯಲೇಬಾರದು."

ಅವಳದು ದಡ್ಡ ತಪ್ಪಲ್ಲ. ಎರಡು ಕಡೆ ಜಾರಿದ್ದಳು, ಎರಡೂ ಬಹಳ ಜನ ಜಾರುವ ಜಾಗಗಳೇ.

ಮೊದಲನೆಯದು, ಪ್ಲಸ್ ಗುರುತಿನ ಅರ್ಥ. +0.521 ಅಂದರೆ Cu⁺ ಎಲೆಕ್ಟ್ರಾನನ್ನು ಎಷ್ಟು ಬಲವಾಗಿ ಎಳೆಯುತ್ತದೆ ಅನ್ನುವ ಅಳತೆ. ಹೈಡ್ರೋಜನ್ ಎಳೆತವನ್ನು ಸೊನ್ನೆ ಅಂತ ಇಟ್ಟುಕೊಂಡು ಹೇಳಿದ್ದು. ಎಳೆಯುವವನು ಇದ್ದರೆ ಸಾಲದು, ಕೊಡುವವನೂ ಬೇಕು. ಅದನ್ನೇ ಅಲ್ಲವೇ ಅವಳು ಮೊದಲು ಕೇಳಿದ್ದು? ಟ್ಯೂಬಿನಲ್ಲಿ ಕೊಡುವವರು ಯಾರಿದ್ದಾರೆ ಅಂತ ನೋಡಿದರೆ ಸಿಗುವುದು ಇನ್ನೊಂದು Cu⁺ ಮಾತ್ರ. Cu⁺ ಎಲೆಕ್ಟ್ರಾನ್ ಕೊಟ್ಟರೆ Cu²⁺ ಆಗುತ್ತದೆ. ಆ ಎಲೆಕ್ಟ್ರಾನನ್ನು Cu²⁺ ಎಷ್ಟು ಬಲವಾಗಿ ಹಿಡಿದುಕೊಳ್ಳಬಲ್ಲದು? 0.153ರಷ್ಟು. ಪಕ್ಕದ Cu⁺ ಎಳೆಯುವುದು 0.521ರಷ್ಟು. ಹಿಡಿತಕ್ಕಿಂತ ಎಳೆತ ಜಾಸ್ತಿ. ಎಲೆಕ್ಟ್ರಾನ್ ಒಂದು Cu⁺ನಿಂದ ಇನ್ನೊಂದು Cu⁺ಗೆ ಹೋಗುತ್ತದೆ. ಕೊಟ್ಟದ್ದು ನೀಲಿಯಾಗುತ್ತದೆ, ತೆಗೆದುಕೊಂಡದ್ದು ಲೋಹವಾಗುತ್ತದೆ. ಕಬ್ಬಿಣದ ಕೆಲಸ ಮಾಡಿದ್ದು ತಾಮ್ರವೇ.

ವ್ಯತ್ಯಾಸ 0.521 − 0.153 = 0.368 ವೋಲ್ಟ್. ಪ್ಲಸ್ ಬಂತು, ಹಾಗಾಗಿ ಕ್ರಿಯೆ ತಾನಾಗಿ ನಡೆಯುತ್ತದೆ.

ಎರಡನೆಯ ಜಾರು, 0.674. ವಿಭವಗಳನ್ನು ಹಾಗೆ ಸುಮ್ನೆ ಕೂಡಿಸಲು ಬರುವುದಿಲ್ಲ. ಕೂಡಿಸಬಹುದಾದ್ದು ಶಕ್ತಿ. ಶಕ್ತಿ ಅಂದರೆ ವಿಭವವನ್ನು ಎಲೆಕ್ಟ್ರಾನ್ ಸಂಖ್ಯೆಯಿಂದ ಗುಣಿಸಿದ್ದು. ಮೊದಲ ಹೆಜ್ಜೆಗೆ 1 × 0.153, ಎರಡನೆಯದಕ್ಕೆ 1 × 0.521, ಒಟ್ಟು 0.674. Cu²⁺ನಿಂದ ನೇರ Cuಗೆ ಎರಡು ಎಲೆಕ್ಟ್ರಾನ್, ಎರಡರಿಂದ ಭಾಗಿಸಿದರೆ 0.337 ವೋಲ್ಟ್. ಎಲ್ಲ ಪಟ್ಟಿಗಳಲ್ಲೂ ತಾಮ್ರಕ್ಕೆ ಕೊಡುವ 0.34 ಇದೇ. ಅವಳು ಬರೆದ 0.674 ಪೂರ್ತಿ ತಪ್ಪು ಸಂಖ್ಯೆ ಅಲ್ಲ. ಅದು ಎತ್ತರ, ಅವಳು ಅದನ್ನು ಇಳಿಜಾರು ಅಂದುಕೊಂಡಿದ್ದಳು.

ಈ ಮಾತು ಅವಳಿಗೆ ಹಿಡಿಸಿತು, ಹಾಗಾಗಿ ಬೋರ್ಡಿನ ಮೇಲೆ ಗುಡ್ಡ ಬರೆದೆ. ಲೋಹ ತಾಮ್ರ ಕೆಳಗಿನ ಊರು, ಎತ್ತರ 0. Cu⁺ ಅದಕ್ಕಿಂತ 0.521 ಮೇಲೆ. Cu²⁺ ಇನ್ನೂ ಮೇಲೆ, 0.674ರಲ್ಲಿ. ಮೇಲಿಂದ ಇಳಿಯುವಾಗ ಮೊದಲ ಮೈಲಿ ಸಪಾಟು, 0.153 ಮಾತ್ರ ಇಳಿಜಾರು. ಎರಡನೆಯ ಮೈಲಿ ಕಡಿದು, 0.521. ಮೊದಲು ಸಪಾಟು, ಆಮೇಲೆ ಕಡಿದು ಅಂದರೆ ನಡುವಿನ ಜಾಗ ಉಬ್ಬಿನ ಮೇಲಿದೆ ಅಂತ ಅರ್ಥ. ಮೇಲಿನ ಊರಿಗೂ ಕೆಳಗಿನ ಊರಿಗೂ ನೇರ ಹಗ್ಗ ಕಟ್ಟಿದರೆ ಅದು ನಡುವೆ 0.337ರಲ್ಲಿ ಹಾಯುತ್ತದೆ. Cu⁺ ಇರುವುದು 0.521ರಲ್ಲಿ, ಹಗ್ಗಕ್ಕಿಂತ 0.184 ಮೇಲೆ. ಎರಡು Cu⁺ ಸೇರಿ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಹೋದರೆ ಸರಾಸರಿ ಹಗ್ಗದ ಮೇಲೆ ಬರುತ್ತದೆ. ಒಂದೊಂದಕ್ಕೆ 0.184 ಉಳಿತಾಯ, ಎರಡಕ್ಕೆ 0.368. ಮೊದಲು ಕಳೆದು ತೆಗೆದ ಸಂಖ್ಯೆಯೇ ಬಂತು. ಅವಳು ಎರಡು ಸಲ ಕೂಡಿ ನೋಡಿದಳು.

ಉಬ್ಬಿನ ಬದಲು ನಡುವಿನ ಜಾಗ ತಗ್ಗಾಗಿದ್ದರೆ ಒಡೆಯುವುದಿಲ್ಲ. ಅಪ್ಪನ ಕತ್ತಿಯ ಕಬ್ಬಿಣ ಹಾಗೆ. Fe³⁺ನಿಂದ Fe²⁺ಗೆ +0.77, Fe²⁺ನಿಂದ Feಗೆ −0.44. ಎಡ ಜಾಸ್ತಿ, ಬಲ ಕಡಿಮೆ. Fe²⁺ ತಗ್ಗಿನಲ್ಲಿ ಕೂತಿದೆ. ಕತ್ತಿಯಿಂದ ಕರಗಿದ Fe²⁺ ತನ್ನಷ್ಟಕ್ಕೆ ಒಡೆದು ಕಬ್ಬಿಣವೂ Fe³⁺ ಕೂಡ ಆಗುವುದಿಲ್ಲ. ಆಮೇಲೆ ಅದು ಕಂದು ಬಣ್ಣಕ್ಕೆ ತಿರುಗಿದರೆ ಅದು ಗಾಳಿಯ ಕೆಲಸ.

ಇಷ್ಟು ಹೇಳುವ ಹೊತ್ತಿಗೆ ಬೀಕರಿನಲ್ಲಿ ಕೆಂಪು ತಳ ಕೂತಿತ್ತು. ಎರಡನೆಯ ಮತ್ತು ಮೂರನೆಯ ಅನುಮಾನ ಇನ್ನೂ ಬಾಕಿ. ಇವೆರಡಕ್ಕೂ ತೂಕವೇ ಒಳ್ಳೆಯ ಸಾಕ್ಷಿ ಅಂತ ನನ್ನ ಅಭಿಪ್ರಾಯ.

ಕ್ರಿಯೆ ಹೀಗೆ ಬರೆಯಬಹುದು:

```
Cu₂O + 2H⁺ → Cu²⁺ + Cu + H₂O
```

ಒಂದು ಮೋಲ್ Cu₂O, ಅಂದರೆ 143.1 ಗ್ರಾಂ, ಒಂದು ಮೋಲ್ ಲೋಹ ಕೊಡುತ್ತದೆ, 63.5 ಗ್ರಾಂ. ಶೇಕಡ 44. ನಮ್ಮ 0.50 ಗ್ರಾಂ ಪುಡಿಯಿಂದ 0.22 ಗ್ರಾಂ ತಾಮ್ರ ಉಳಿಯಬೇಕು. ಎಲ್ಲವೂ ಗಾಳಿಯಿಂದ ನೀಲಿಯಾಗಿದ್ದರೆ ಏನೂ ಉಳಿಯಬಾರದು. ಕರಗದೆ ಉಳಿದ Cu₂O ಆಗಿದ್ದರೆ ಎಷ್ಟು ಬೇಕಾದರೂ ಉಳಿಯಬಹುದು, ಆದರೆ ಅದನ್ನು ಹೊಸ ಆಮ್ಲಕ್ಕೆ ಹಾಕಿದರೆ ಮತ್ತೆ ನೀಲಿ ಬರಬೇಕು. ತಾಮ್ರ ಲೋಹ ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಗೆ ಕರಗುವುದಿಲ್ಲ. ಅದರ ವಿಭವ ಹೈಡ್ರೋಜನ್‌ಗಿಂತ ಮೇಲಿದೆಯಲ್ಲ, 0.34.

ಮೊದಲ ಸಲ ತೂಗಿದಾಗ 0.24 ಬಂತು. ಜಾಸ್ತಿ. ಅವಳ ಮುಖ ಸಪ್ಪಗಾಯಿತು. ಆದರೆ ತಪ್ಪು ನನ್ನದು. ಮಳೆಯಲ್ಲಿ ಬೇಗ ಒಣಗಲಿ ಅಂತ ಫಿಲ್ಟರ್ ಪೇಪರ್ ಸಮೇತ ಹಾಟ್ ಪ್ಲೇಟಿನ ಮೇಲೆ ಇಟ್ಟಿದ್ದೆ. ಒದ್ದೆ ತಾಮ್ರದ ನುಣ್ಣನೆಯ ಪುಡಿ ಬಿಸಿ ಗಾಳಿಯಲ್ಲಿ ಕಪ್ಪಾಗಿತ್ತು, ಒಂದಿಷ್ಟು ಕಪ್ಪು ಆಕ್ಸೈಡ್ ಆಗಿತ್ತು. ಆಮ್ಲಜನಕ ಸೇರಿದ ತೂಕ ಅದು. ಎರಡನೆಯ ಸಲ ಬಿಸಿ ಮುಟ್ಟಿಸಲಿಲ್ಲ. ನೀರಿನಲ್ಲಿ ತೊಳೆದು, ಆಮೇಲೆ ಅಸಿಟೋನ್‌ನಲ್ಲಿ ತೊಳೆದು, ಡೆಸಿಕೇಟರಿನಲ್ಲಿ ರಾತ್ರಿ ಬಿಟ್ಟೆವು. ಬೆಳಿಗ್ಗೆ 0.21 ಗ್ರಾಂ. ಬಣ್ಣ ತಿಳಿ ಕೆಂಪು, ಗುಲಾಬಿಗೆ ಹತ್ತಿರ. ನಮ್ಮ ತಕ್ಕಡಿ 0.01 ಗ್ರಾಂ ತನಕ ಮಾತ್ರ ಹೇಳುತ್ತದೆ, ಸ್ವಲ್ಪ ಪುಡಿ ಪೇಪರಿನ ಸಂದಿನಲ್ಲೂ ಹೋಗಿರುತ್ತದೆ. ನನಗೆ ಅಷ್ಟು ಸಾಕು. ಒಂದು ಚಿಟಿಕೆಯನ್ನು ಹೊಸ ಆಮ್ಲಕ್ಕೆ ಹಾಕಿ ಅಲ್ಲಾಡಿಸಿದೆವು. ನೀಲಿ ಬರಲಿಲ್ಲ.

ಈಗ ಅವಳು ಇನ್ನೊಂದು ಕೇಳಿದಳು. "ಅಂದ್ರೆ ದ್ರಾವಣದಲ್ಲಿ Cu⁺ ಒಂದೂ ಇಲ್ವಾ?"

ಇದೆ, ಬಹಳ ಕಡಿಮೆ. 0.368 ವೋಲ್ಟನ್ನು 0.0592ರಿಂದ ಭಾಗಿಸಿದರೆ ಸಮತೋಲನ ಸ್ಥಿರಾಂಕದ ಲಾಗ್ ಸಿಗುತ್ತದೆ, 6.2. ಸ್ಥಿರಾಂಕ ಸುಮಾರು 16 ಲಕ್ಷ. ಇದು Cu²⁺ ಸಾಂದ್ರತೆಯನ್ನು Cu⁺ ಸಾಂದ್ರತೆಯ ವರ್ಗದಿಂದ ಭಾಗಿಸಿದ್ದು. ನಮ್ಮ ಬೀಕರಿನಲ್ಲಿ Cu²⁺ ಸುಮಾರು 0.07 ಮೋಲಾರ್ ಇತ್ತು. ಹಾಗಿದ್ದರೆ Cu⁺ ಸುಮಾರು 0.0002 ಮೋಲಾರ್. ನೀಲಿ ತಾಮ್ರ 340 ಇದ್ದರೆ ಬಣ್ಣವಿಲ್ಲದ್ದು ಒಂದು. ವರ್ಗ ಇರುವುದರಿಂದ ಇನ್ನೊಂದು ಮಾತೂ ಹೊರಡುತ್ತದೆ. ದ್ರಾವಣ ತೆಳುವಾದಷ್ಟೂ Cu⁺ನ ಪಾಲು ಸ್ವಲ್ಪ ಹೆಚ್ಚುತ್ತದೆ. ಒಡೆಯಲು ಎರಡು Cu⁺ ಬೇಕಲ್ಲ. ಆದರೂ ಬಾಟಲಿಯಲ್ಲಿ ತುಂಬಿಡುವಷ್ಟು ಕ್ಯೂಪ್ರಸ್ ಸಲ್ಫೇಟ್ ದ್ರಾವಣ ಅಂತ ನೀರಿನಲ್ಲಿ ಸಿಗುವುದಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಅವಳು ಜೇನಿನ ಟ್ಯೂಬಿಗೇ ವಾಪಸ್ ಹೋದಳು. "ಹಾಗಾದ್ರೆ ಬೆನೆಡಿಕ್ಟ್‌ನಲ್ಲೇ ಯಾಕೆ ಒಡೆಯಲಿಲ್ಲ ಮೇಡಂ? ಅಲ್ಲೂ +1 ತಾಮ್ರ ತಾನೇ? ಅರ್ಧ ಗಂಟೆ ಕುದಿಸಿದ್ರೂ ಕೆಂಪು ಕೆಂಪಾಗೇ ಇತ್ತು."

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ನಾವು ಪಾಠದಲ್ಲಿ "+1 ತಾಮ್ರ ಒಡೆಯುತ್ತದೆ" ಅಂತ ಹೇಳಿ ಮುಂದೆ ಹೋಗುತ್ತೇವೆ. ಆ ಮಾತು ಅರ್ಧ ಸತ್ಯ. ಒಡೆಯುವುದು ನೀರು ಮಾತ್ರ ಸುತ್ತಿಕೊಂಡಿರುವ Cu⁺. ಬೆನೆಡಿಕ್ಟ್ ದ್ರಾವಣ ಕ್ಷಾರೀಯ. ಕ್ಷಾರದಲ್ಲಿ Cu⁺ ಬಿಡಿಯಾಗಿ ಇರುವುದೇ ಇಲ್ಲ, Cu₂O ಆಗಿ ಕೂರುತ್ತದೆ. Cu²⁺ ಕೂಡ ಬಿಡಿಯಾಗಿ ಇರುವುದಿಲ್ಲ, ಹೈಡ್ರಾಕ್ಸೈಡ್ ಆಗುತ್ತದೆ. ಬೆನೆಡಿಕ್ಟ್‌ನಲ್ಲಿ ಸಿಟ್ರೇಟ್ ಅದನ್ನು ಹಿಡಿದುಕೊಂಡು ಕರಗಿಸಿ ಇಟ್ಟಿರುತ್ತದೆ, ಆ ವಿಷಯ ಸದ್ಯಕ್ಕೆ ಬದಿಗಿಡೋಣ. ಕ್ಷಾರದಲ್ಲಿ ಸಾಲು ಬೇರೆಯೇ:

```
Cu(OH)₂ --(−0.08 V)--> Cu₂O --(−0.36 V)--> Cu
```

ಬಲಗಡೆ −0.36, ಎಡಗಡೆ −0.08. ಬಲ ಕಡಿಮೆ. ವ್ಯತ್ಯಾಸ −0.28. ಉಬ್ಬು ಹೋಗಿ ತಗ್ಗಾಯಿತು. ಎರಡೂ ಮೈನಸ್ ಇದೆಯಲ್ಲ ಅಂತ ಗಾಬರಿ ಬೇಡ. ನೋಡಬೇಕಾದ್ದು ಗುರುತನ್ನಲ್ಲ, ಯಾವುದು ದೊಡ್ಡದು ಅನ್ನುವುದನ್ನು. −0.36 ಅನ್ನುವುದು −0.08ಕ್ಕಿಂತ ಚಿಕ್ಕದು. ಮಕ್ಕಳು ಇಲ್ಲಿ ಮೈನಸ್ ಬಿಟ್ಟು 0.36 ದೊಡ್ಡದು ಅಂತ ಬರೆದು ಅಂಕ ಕಳೆದುಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಹಾಗಾದರೆ ಅದೇ ಪುಡಿ ಕ್ಷಾರದಲ್ಲಿ ಗಟ್ಟಿ, ಆಮ್ಲದಲ್ಲಿ ಒಡಕು. ಗೆರೆ ಎಲ್ಲಿದೆ? ದ್ರಾವಣದಲ್ಲಿ Cu²⁺ 0.01 ಮೋಲಾರ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ pH 3.3ರ ಹತ್ತಿರ ಬರುತ್ತದೆ. ಅದಕ್ಕಿಂತ ಕೆಳಗೆ ಹೋದರೆ Cu₂O ಒಡೆಯುತ್ತದೆ, ಮೇಲಿದ್ದರೆ ಹಾಗೇ ಇರುತ್ತದೆ. ನಮ್ಮ 1 ಮೋಲಾರ್ ಆಮ್ಲ ಆ ಗೆರೆಗಿಂತ ಬಹಳ ಕೆಳಗಿತ್ತು. ಅವಳು ಟ್ಯೂಬ್ ತೊಳೆಯಲು ಆಮ್ಲ ಸುರಿದದ್ದೇ ಪುಡಿಯನ್ನು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ದಾಟಿಸಿದ್ದು.

"ಕಾಚಂಪುಳಿ ಹಾಕಿದ್ರೆ?" ಅಂದಳು. ಹಂದಿ ಕರಿಗೆ ಹಾಕುವ ಕಾಚಂಪುಳಿ ನಮ್ಮ ಮನೆಗಳಲ್ಲೆಲ್ಲ ಇರುತ್ತದೆ, ಹುಳಿ ಚೆನ್ನಾಗಿಯೇ ಇದೆ. ಆದರೆ ಅದು ಕಡುಗಪ್ಪು, ನೀಲಿ ಬಂದರೂ ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿರುವ ಹಣ್ಣಿನ ಆಮ್ಲಗಳು Cu²⁺ ಅನ್ನು ಹಿಡಿದುಕೊಳ್ಳುತ್ತವೆ ಕೂಡ. ಹಿಡಿದುಕೊಂಡರೆ 0.153 ಅನ್ನುವ ಸಂಖ್ಯೆ ಅಲ್ಲಿ ನಡೆಯುವುದಿಲ್ಲ. ಸಂಖ್ಯೆ ಬರೆಯುವಾಗ ದ್ರಾವಣದಲ್ಲಿ ಇನ್ನೇನಿದೆ ಅಂತ ಕೇಳಲೇಬೇಕು.

ಅದನ್ನು ಕಣ್ಣಾರೆ ತೋರಿಸಲು ಬೇರೆ ಆಮ್ಲ ತೆಗೆದೆ. ಹೈಡ್ರೋಕ್ಲೋರಿಕ್. ಇದೂ ಆಮ್ಲವೇ, pH ಸಲ್ಫ್ಯೂರಿಕ್‌ನಷ್ಟೇ ಕೆಳಗೆ. ಸೂತ್ರ ಮಾತ್ರ ನೋಡಿದವರು ಇಲ್ಲೂ ನೀಲಿ ಮತ್ತು ತಾಮ್ರ ಬರುತ್ತದೆ ಅನ್ನುತ್ತಾರೆ. ಅವಳೂ ಹಾಗೇ ಅಂದಳು. ಅದೇ ಕೆಂಪು ಪುಡಿಯ ಒಂದು ಚಿಟಿಕೆ, 5 ಮಿಲಿ ಆಮ್ಲ. ಕೆಂಪು ಮಾಯವಾಗಿ ಬಿಳಿ ಪುಡಿ ಕೂತಿತು. ನೀಲಿ ಇಲ್ಲ, ತಾಮ್ರದ ಮಿಂಚೂ ಇಲ್ಲ. ಸಾಂದ್ರ ಆಮ್ಲ ಇನ್ನಷ್ಟು ಹಾಕಿದಾಗ ಬಿಳಿಯೂ ಕರಗಿತು. ಅದರಲ್ಲಿ ಅರ್ಧವನ್ನು ಒಂದು ಬೀಕರ್ ನೀರಿಗೆ ಸುರಿದಾಗ ಬಿಳಿ ಮತ್ತೆ ಮೋಡದ ಹಾಗೆ ಎದ್ದಿತು. ಅವಳು ಮಾತಾಡದೆ ಬೀಕರನ್ನೇ ನೋಡುತ್ತಿದ್ದಳು.

ಬಿಳಿ ಪುಡಿ ಕ್ಯೂಪ್ರಸ್ ಕ್ಲೋರೈಡ್, CuCl. ತಾಮ್ರ ಇನ್ನೂ +1ರಲ್ಲೇ ಇದೆ. ಕ್ಲೋರೈಡ್ 1 ಮೋಲಾರ್ ಇರುವಾಗ ಸಾಲು ಹೀಗೆ:

```
Cu²⁺ --(+0.538 V)--> CuCl --(+0.137 V)--> Cu
```

ಈಗ ಎಡ ದೊಡ್ಡದು. ಒಡೆಯುವುದಿಲ್ಲ. ಈ ಸಾಲಿನಲ್ಲಿ ಒಂದು ಚೆಂದದ ವಿಷಯ ಇದೆ, ಅವಳೇ ಹಿಡಿದಳು. 0.538 ಮತ್ತು 0.137 ಕೂಡಿ ಎರಡರಿಂದ ಭಾಗಿಸಿದರೆ ಮತ್ತೆ 0.337. ಯಾಕೆ ಬದಲಾಗಲಿಲ್ಲ? ಎರಡು ತುದಿಗಳು ಅವೇ ಇವೆ, Cu²⁺ ಮತ್ತು Cu. ಮೇಲಿನ ಊರೂ ಕೆಳಗಿನ ಊರೂ ಎಲ್ಲಿದ್ದವೋ ಅಲ್ಲೇ ಇವೆ, ಹಗ್ಗವೂ ಅಲ್ಲೇ. ಕ್ಲೋರೈಡ್ ನಡುವಿನ ಜಾಗವನ್ನು ಮಾತ್ರ ಕೆಳಕ್ಕೆ ಎಳೆದಿದೆ, 0.521ರ ಉಬ್ಬಿನಿಂದ 0.137ರ ತಗ್ಗಿಗೆ. ಅದು Cu⁺ ಅನ್ನು ಹಿಡಿದು ಕರಗದ ಪುಡಿಯಾಗಿ ಕೂರಿಸಿತು. ಒಡೆಯಲು ಬೇಕಾದ ಬಿಡಿ Cu⁺ ದ್ರಾವಣದಲ್ಲಿ ಉಳಿಯಲೇ ಇಲ್ಲ. ಕ್ಷಾರದ ಸಾಲಿನಲ್ಲಿ ಹಾಗಲ್ಲ, ಅಲ್ಲಿ ಎಡ ತುದಿಯೂ ಬದಲಾಗಿ ಹೈಡ್ರಾಕ್ಸೈಡ್ ಆಗಿತ್ತು. ಹಾಗಾಗಿ ಅಲ್ಲಿ ಸರಾಸರಿಯೂ ಬೇರೆ, −0.22.

ಈ ಚಿತ್ರ ಹೇಳದ ಒಂದು ವಿಷಯವನ್ನೂ ಅವಳಿಗೆ ಹೇಳಿದೆ. ಒಡೆಯುತ್ತದೋ ಇಲ್ಲವೋ ಅಂತ ಮಾತ್ರ ಇದು ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ನಮ್ಮ ಲ್ಯಾಬಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಇದೆ. ಆಮ್ಲಜನಕದಿಂದ ಪೆರಾಕ್ಸೈಡ್‌ಗೆ 0.70, ಪೆರಾಕ್ಸೈಡ್‌ನಿಂದ ನೀರಿಗೆ 1.76. ವ್ಯತ್ಯಾಸ ಒಂದು ವೋಲ್ಟಿಗಿಂತ ಜಾಸ್ತಿ, ತಾಮ್ರದ್ದಕ್ಕಿಂತ ಎಷ್ಟೋ ದೊಡ್ಡ ಉಬ್ಬು. ಆದರೂ ಬಾಟಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿದೆ, ದಾರಿ ಅಷ್ಟು ನಿಧಾನ. ಗಾಯದ ರಕ್ತ ತಾಗಿದ ಕ್ಷಣ ಬುಸುಬುಸು ಅಂತ ಒಡೆಯುತ್ತದೆ. ತಾಮ್ರಕ್ಕೆ ಅಂಥ ಕಾಯುವಿಕೆ ಇರಲಿಲ್ಲ. ಆಮ್ಲ ಸುರಿದು ಟ್ಯೂಬ್ ಅಲ್ಲಾಡಿಸುವಷ್ಟರಲ್ಲಿ ಆಗಿಹೋಗಿತ್ತು.

ಮಾರನೆಯ ದಿನ ಅವಳು ಕ್ಲಾಸಿಗೆ ಮೊದಲು ಲ್ಯಾಬಿಗೆ ಬಂದಳು. ಸ್ಟ್ಯಾಂಡಿನಲ್ಲಿ ಬಿಟ್ಟಿದ್ದ ಕ್ಲೋರೈಡ್ ಟ್ಯೂಬಿನ ಮೇಲ್ಭಾಗದಲ್ಲಿ ಹಸಿರು ಸುತ್ತು ಬಂದಿತ್ತು, ಕೆಳಗೆ ಇನ್ನೂ ಬಣ್ಣ ಇರಲಿಲ್ಲ.

"ಒಡೀತಾ ಮೇಡಂ?"

"ತಳದಲ್ಲಿ ತಾಮ್ರ ಇದೆಯಾ ನೋಡು."

ಟ್ಯೂಬ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ತಳವನ್ನು ಕಡ್ಡಿಯಿಂದ ಉಜ್ಜಿ ನೋಡಿದಳು. ಮಿಂಚಿಲ್ಲ, ಕೆಂಪಿಲ್ಲ. ಹಸಿರು ಇದ್ದದ್ದು ಗಾಳಿ ತಾಗುವ ಮೇಲಿನ ಬೆರಳಗಲದಲ್ಲಿ ಮಾತ್ರ. "ಇಲ್ಲ. ಅಂದ್ರೆ ಇದು ಗಾಳಿ ಮಾಡಿದ್ದು. ಒಡೆದಿದ್ರೆ ಎರಡೂ ಸಿಗ್ಬೇಕಿತ್ತು."

ರೆಕಾರ್ಡ್ ಪುಸ್ತಕದಲ್ಲಿ ಮೂರು ಸಾಲುಗಳನ್ನೂ ಒಂದರ ಕೆಳಗೊಂದು ಬರೆದಳು. ಪ್ರತಿಯೊಂದರ ಪಕ್ಕ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಪದ: ಸಲ್ಫ್ಯೂರಿಕ್, ಕ್ಷಾರ, ಕ್ಲೋರೈಡ್. ಮೊದಲ ಸಾಲಿನ ಕೆಳಗೆ 0.21 ಗ್ರಾಂ ಅಂತ ಬರೆದು, ಒಣಗಿದ ತಾಮ್ರವನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಅಲ್ಲೇ ಅಂಟಿಸಿದಳು.